ಬ್ಯಾಂಕ್ ಖಾತೆ ಬದಲಾಗಿದೆ ಎಂದು ಗ್ರಾಹಕರಿಗೆ ತಿಳಿಸಿದ್ದು: ಮೊದಲ ಇಮೇಲ್‌ನಿಂದ ಹಳೆಯ ಖಾತೆ ಮುಚ್ಚುವವರೆಗೆ

ನಮ್ಮ ಸಂಸ್ಥೆಗೆ ಗ್ರಾಹಕರಿಂದ ಹಣ ಬರುತ್ತಿದ್ದ ಖಾತೆಯನ್ನು ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ಬದಲಾಯಿಸುವ ಕೆಲಸ ಈಗಷ್ಟೇ ಮುಗಿದಿದೆ. ಹೊಸ ಖಾತೆ ತೆರೆಯುವುದು ದೊಡ್ಡ ಕೆಲಸವೇನಲ್ಲ. ಅದನ್ನು ಗ್ರಾಹಕರಿಗೆ ತಿಳಿಸುವುದೇ ದೊಡ್ಡದು. "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮುಂದೆ ಈ ಖಾತೆಗೆ ಹಾಕಿ" ಅನ್ನುವುದು ವಂಚಕರ ಇಮೇಲ್‌ಗಳಲ್ಲಿ ತೀರಾ ಸವೆದ ಮಾತು. ಅದೇ ಮಾತನ್ನು ನಾವು ನಿಜವಾಗಿಯೂ ಹೇಳಬೇಕಾಗಿತ್ತು. ಓದುವವರಿಗೆ ಎರಡಕ್ಕೂ ವ್ಯತ್ಯಾಸ ಕಾಣುವುದು ಹೇಗೆ?

ಇದೇ ಕೆಲಸಕ್ಕೆ ಕೈ ಹಾಕುವವರು ಮೊದಲು ಒಂದು ವಿಷಯ ಒಪ್ಪಿಕೊಳ್ಳಬೇಕು: ಇಮೇಲ್‌ನ ಒಳಗೆ ಏನು ಬರೆದರೂ ಅದು ನಿಜವೆಂದು ಆ ಇಮೇಲ್‌ನಿಂದಲೇ ಸಾಬೀತಾಗುವುದಿಲ್ಲ. ಲೋಗೋ, ಸಹಿ, ಮೊಹರು, ಬ್ಯಾಂಕಿನ ಪತ್ರದ ಸ್ಕ್ಯಾನ್, ಎಲ್ಲವನ್ನೂ ನಕಲು ಮಾಡಬಹುದು. ಹಾಗಾಗಿ ನಾವು ಕಳಿಸಿದ ಇಮೇಲ್‌ಗೆ ಒಂದೇ ಕೆಲಸ ಕೊಟ್ಟೆವು. ಓದಿದವರು ಫೋನ್ ಎತ್ತಬೇಕು, ಅದೂ ತಮ್ಮ ಹತ್ತಿರ ಮೊದಲೇ ಇದ್ದ ನಂಬರಿಗೆ. ಖಾತೆ ಸಂಖ್ಯೆಯನ್ನು ಅದರಲ್ಲಿ ಹಾಕಲೇ ಇಲ್ಲ.

ಇಮೇಲ್ ಬರೆಯುವ ಮುನ್ನ ಮಾಡಿ ಮುಗಿಸಬೇಕಾದ ಕೆಲಸ ಸಾಕಷ್ಟಿದೆ. ಹೊಸ ಖಾತೆಗೆ ಹೊರಗಿನಿಂದ ಒಂದು ಸಣ್ಣ ಮೊತ್ತವಾದರೂ ಬಂದು ಸೇರುವವರೆಗೆ ಯಾರಿಗೂ ಏನೂ ಹೇಳಬೇಡಿ. ಖಾತೆ ಸಂಖ್ಯೆ ಕೈಗೆ ಬಂದಿರುತ್ತದೆ, ಆದರೆ ಬ್ಯಾಂಕಿನ ಒಳಗಿನ ಪರಿಶೀಲನೆ ಮುಗಿದಿರುವುದಿಲ್ಲ, ಅಥವಾ ಖಾತೆಯ ಹೆಸರು ಸಂಸ್ಥೆಯ ನೋಂದಾಯಿತ ಹೆಸರಿಗಿಂತ ಒಂದೆರಡು ಅಕ್ಷರ ಬೇರೆಯಾಗಿ ದಾಖಲಾಗಿರುತ್ತದೆ. ಒಮ್ಮೆ ತಿಳಿಸಿ, ಮರುವಾರ "ಕ್ಷಮಿಸಿ, ಸ್ವಲ್ಪ ತಿದ್ದುಪಡಿ ಇದೆ" ಅಂದರೆ ಅದಕ್ಕಿಂತ ಅನುಮಾನಾಸ್ಪದವಾದದ್ದು ಇನ್ನೊಂದಿಲ್ಲ. ಖಾತೆದಾರರ ಹೆಸರು, ಸಂಖ್ಯೆ, ಶಾಖೆಯ ಕೋಡ್ ಇರುವ ದೃಢೀಕರಣ ಪತ್ರವನ್ನು ಬ್ಯಾಂಕಿನಿಂದ ಆಗಲೇ ಕೇಳಿ ಇಟ್ಟುಕೊಳ್ಳಿ. ದೊಡ್ಡ ಗ್ರಾಹಕರು ಅದಿಲ್ಲದೆ ತಮ್ಮ ದಾಖಲೆ ಮುಟ್ಟುವುದಿಲ್ಲ, ಪತ್ರ ಬರಲು ಹಿಡಿಯುವ ಸಮಯವೋ ಬ್ಯಾಂಕಿನ ಮರ್ಜಿ.

ಎರಡನೆಯದು ನಮ್ಮದೇ ಇಮೇಲ್ ವ್ಯವಸ್ಥೆ. ನಮ್ಮ ಡೊಮೇನ್ ಹೆಸರಿನಲ್ಲಿ ಬೇರೆ ಯಾರೋ ಇಮೇಲ್ ಕಳಿಸಿದರೆ ಅದನ್ನು ತಿರಸ್ಕರಿಸಿ ಎಂದು ಜಗತ್ತಿನ ಮೇಲ್ ಸರ್ವರ್‌ಗಳಿಗೆ ಹೇಳುವ ಡಿಮಾರ್ಕ್ ಎಂಬ ದಾಖಲೆ, ಡೊಮೇನ್‌ಗಳ ವಿಳಾಸಪುಸ್ತಕದಂತಿರುವ ಡಿಎನ್‌ಎಸ್‌ನಲ್ಲಿ ಇರುತ್ತದೆ. ತುಂಬಾ ಸಂಸ್ಥೆಗಳಲ್ಲಿ ಅದು ಇದ್ದರೂ `p=none` ಎಂದಿರುತ್ತದೆ, ಅಂದರೆ "ನಕಲಿ ಬಂದರೆ ವರದಿ ಮಾಡು, ತಡೆಯಬೇಡ". ಪ್ರಕಟಣೆಗೆ ಮುನ್ನ ಅದು ಹೀಗಾಗಬೇಕು:

```
_dmarc.sumana.example  TXT  "v=DMARC1; p=reject; rua=mailto:dmarc@sumana.example"
```

ಸಂಸ್ಥೆಯ ಹೆಸರನ್ನು ಇಲ್ಲಿ ಬದಲಿಸಿದ್ದೇವೆ. ಇದನ್ನು ಪ್ರಕಟಣೆಯ ಹಿಂದಿನ ದಿನ ಮಾಡಲು ಹೋಗಬೇಡಿ. ಬಿಲ್ ಕಳಿಸುವ ತಂತ್ರಾಂಶ, ಸುದ್ದಿಪತ್ರ ಕಳಿಸುವ ಸೇವೆ ಹೀಗೆ ನಿಮ್ಮ ಹೆಸರಿನಲ್ಲಿ ಮೇಲ್ ಕಳಿಸುವವರೆಲ್ಲ ಕಳಿಸಲು ಅನುಮತಿ ಇರುವ ಸರ್ವರ್‌ಗಳ ಎಸ್‌ಪಿಎಫ್ ಪಟ್ಟಿಯಲ್ಲಿ, ಮೇಲ್‌ಗೆ ಸರ್ವರ್ ಹಾಕುವ ಡಿಕಿಮ್ ಎಂಬ ಡಿಜಿಟಲ್ ಸಹಿಯಲ್ಲಿ ಸರಿಯಾಗಿ ಕೂತಿದ್ದಾರೆಯೇ ಎಂದು ಕೆಲವು ವಾರ ವರದಿಗಳನ್ನು ನೋಡಿ ಖಚಿತಪಡಿಸಿಕೊಂಡು ಆಮೇಲೆ `reject` ಹಾಕಬೇಕು. ಇಲ್ಲವಾದರೆ ನಿಮ್ಮದೇ ಬಿಲ್‌ಗಳು ಗ್ರಾಹಕರಿಗೆ ತಲುಪದೆ ತಿರಸ್ಕೃತವಾಗುತ್ತವೆ. ಇಷ್ಟು ಮಾಡಿದರೂ ಇದರಿಂದ ತಡೆಯಲಾಗದ ಎರಡು ದಾರಿಗಳಿವೆ. ಒಂದು, ನಿಮ್ಮ ಹೆಸರನ್ನೇ ಹೋಲುವ ಬೇರೆ ಡೊಮೇನ್. ಇನ್ನೊಂದು, ನಿಮ್ಮ ಅಥವಾ ಗ್ರಾಹಕರ ಅಸಲಿ ಮೇಲ್‌ಬಾಕ್ಸ್‌ಗೇ ಕಳ್ಳ ನುಗ್ಗಿರುವುದು. ಇವೆರಡರ ಮಾತು ಮುಂದೆ ಬರುತ್ತದೆ.

ಮೂರನೆಯದು ಫೋನ್. "ಫೋನ್ ಮಾಡಿ ಖಚಿತಪಡಿಸಿಕೊಳ್ಳಿ" ಎಂದು ಬರೆಯುವುದು ಸುಲಭ, ಆದರೆ ಆ ಫೋನನ್ನು ಎತ್ತುವವರು ಯಾರು? ಹಳೆಯ ಬಿಲ್‌ಗಳ ಮೇಲೆ, ಒಪ್ಪಂದಪತ್ರಗಳ ಮೇಲೆ ಇರುವ ಸಾಮಾನ್ಯ ನಂಬರಿಗೆ ಕರೆ ಬರುತ್ತದೆ. ಅದನ್ನು ಎತ್ತುವ ಸ್ವಾಗತಕಾರರಿಗೆ ವಿಷಯವೇ ಗೊತ್ತಿಲ್ಲದಿದ್ದರೆ "ಖಾತೆ ಬದಲಾಗಿದೆಯಾ? ನನಗೇನೂ ಗೊತ್ತಿಲ್ಲ ಸರ್" ಅನ್ನುತ್ತಾರೆ. ಗ್ರಾಹಕರು ಇದು ಮೋಸವೇ ಸರಿ ಎಂದು ತೀರ್ಮಾನಿಸಿ ಕೂರುತ್ತಾರೆ. ನಾವು ಲೆಕ್ಕಪತ್ರ ವಿಭಾಗದ ಇಬ್ಬರನ್ನು ಈ ಕರೆಗಳಿಗೆ ಮೀಸಲಿಟ್ಟು, ಸ್ವಾಗತದ ಮೇಜಿನ ಮೇಲೆ ಅವರ ಹೆಸರು ಮತ್ತು ಎಕ್ಸ್‌ಟೆನ್ಶನ್ ನಂಬರ್ ಬರೆದಿಟ್ಟೆವು. ಆ ಇಬ್ಬರನ್ನು ಬಿಟ್ಟು ಬೇರೆ ಯಾರೂ ಖಾತೆ ಸಂಖ್ಯೆ ಹೇಳುವಂತಿಲ್ಲ. ಒಬ್ಬರು ರಜೆ ಇದ್ದ ದಿನ ಇನ್ನೊಬ್ಬರು ಇರಲೇಬೇಕು.

ಇಮೇಲ್‌ನ ಪಠ್ಯ ಹೀಗಿತ್ತು. ಬೇಕಿದ್ದವರು ಇದನ್ನೇ ತಿದ್ದಿ ಬಳಸಿಕೊಳ್ಳಬಹುದು.

> ವಿಷಯ: ನಮ್ಮ ಬ್ಯಾಂಕ್ ಖಾತೆ ಬದಲಾಗುತ್ತಿದೆ, ಫೋನ್ ಮಾಡಿ ಖಚಿತಪಡಿಸಿಕೊಳ್ಳಿ
>
> ಮಾನ್ಯರೇ,
>
> ಮುಂದಿನ ತಿಂಗಳ 1ನೇ ತಾರೀಖಿನಿಂದ ನಮಗೆ ಬರಬೇಕಾದ ಹಣವನ್ನು ಹೊಸ ಬ್ಯಾಂಕ್ ಖಾತೆಯಲ್ಲಿ ಪಡೆಯಲಿದ್ದೇವೆ. ಹೊಸ ಖಾತೆಯ ಸಂಖ್ಯೆಯನ್ನು ಈ ಇಮೇಲ್‌ನಲ್ಲಿ ಕೊಟ್ಟಿಲ್ಲ. ಇನ್ನು ಮುಂದೆಯೂ ಯಾವ ಇಮೇಲ್‌ನಲ್ಲೂ, ಸಂದೇಶದಲ್ಲೂ ಕಳಿಸುವುದಿಲ್ಲ. ನಮ್ಮ ಹೆಸರಿನಲ್ಲಿ ಖಾತೆ ಸಂಖ್ಯೆ ಇರುವ ಇಮೇಲ್ ಬಂದರೆ ಅದು ನಮ್ಮದಲ್ಲ.
>
> ನಮ್ಮೊಂದಿಗಿನ ಒಪ್ಪಂದಪತ್ರದಲ್ಲಿ ಅಥವಾ ನಿಮ್ಮ ಹತ್ತಿರ ಇರುವ ಹಳೆಯ ಬಿಲ್‌ನಲ್ಲಿ ನಮ್ಮ ಫೋನ್ ನಂಬರ್ ಇದೆ. ದಯವಿಟ್ಟು ಆ ನಂಬರಿಗೆ ಕರೆ ಮಾಡಿ ಲೆಕ್ಕಪತ್ರ ವಿಭಾಗವನ್ನು ಕೇಳಿ. ಬೇಕೆಂದೇ ಇಲ್ಲಿ ನಂಬರ್ ಕೊಟ್ಟಿಲ್ಲ.
>
> ನೀವು ಖಚಿತಪಡಿಸಿಕೊಳ್ಳುವವರೆಗೆ ಹಳೆಯ ಖಾತೆಗೇ ಹಣ ಕಳಿಸಬಹುದು. ಅದು ಚಾಲ್ತಿಯಲ್ಲಿರುತ್ತದೆ. ಅವಸರವಿಲ್ಲ.

ಕೊನೆಯ ಸಾಲನ್ನು ಬರೆಸಿಕೊಳ್ಳಲು ನಮ್ಮೊಳಗೇ ಸ್ವಲ್ಪ ವಾದ ನಡೆಯಿತು. ಅವಸರವಿಲ್ಲ ಎಂದರೆ ಯಾರೂ ಬದಲಾಯಿಸುವುದಿಲ್ಲ ಎಂಬುದು ಒಂದು ಕಡೆಯ ಮಾತು. ಆದರೆ ವಂಚಕರ ಇಮೇಲ್‌ಗಳೆಲ್ಲ ಅವಸರದ ಮೇಲೇ ನಿಂತಿರುತ್ತವೆ: ಇವತ್ತೇ ಹಾಕಿ, ಹಳೆಯ ಖಾತೆ ಲೆಕ್ಕಪರಿಶೋಧನೆಗಾಗಿ ತಡೆಹಿಡಿಯಲಾಗಿದೆ, ಹಳೆಯದಕ್ಕೆ ಹಾಕಿದರೆ ಹಣ ಸಿಗುವುದಿಲ್ಲ. ನಮ್ಮ ಪತ್ರ ಅದರ ತದ್ವಿರುದ್ಧವಾಗಿ ಕಾಣಬೇಕಿತ್ತು. ಹಳೆಯ ಖಾತೆ ತೆರೆದೇ ಇರುತ್ತದೆ ಎಂದ ಮೇಲೆ ಗ್ರಾಹಕರಿಗೆ ಯಾವ ಒತ್ತಡವೂ ಉಳಿಯಲಿಲ್ಲ. ಮುಂದೆ ಒತ್ತಡ ಹೇರುವ ಇಮೇಲ್ ಬಂದರೆ ಅದು ಬೇರೆಯವರದ್ದೆಂದು ಅವರಿಗೇ ಹೊಳೆಯುತ್ತದೆ.

ಲಗತ್ತು ಇಲ್ಲ, ಲಿಂಕ್ ಇಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಕಳಿಸಿದೆವು. ಎಲ್ಲರ ವಿಳಾಸವನ್ನೂ ಒಂದೇ ಮೇಲ್‌ನಲ್ಲಿ ಕಾಣುವಂತೆ ಹಾಕಿದರೆ, ಅದನ್ನು ಓದುತ್ತಿರುವ ಒಬ್ಬ ಕಳ್ಳನಿಗೆ ನಮ್ಮ ಗ್ರಾಹಕರ ಪಟ್ಟಿಯನ್ನೇ ತಟ್ಟೆಯಲ್ಲಿಟ್ಟು ಕೊಟ್ಟಂತೆ. ಎಲ್ಲರಿಗೂ ಒಂದೇ ದಿನ ಕಳಿಸಲೂ ಇಲ್ಲ. ಯಾರ ಪಾವತಿ ದಿನಾಂಕ ಹತ್ತಿರವಿದೆಯೋ ಅವರಿಗೆ ಮೊದಲು, ಉಳಿದವರಿಗೆ ಕಂತು ಕಂತಾಗಿ. ಇಬ್ಬರು ಕೂತು ಎಷ್ಟು ಕರೆ ಎತ್ತಬಲ್ಲರೋ ಅಷ್ಟೇ ಇಮೇಲ್ ಹೋಗಬೇಕು. ವಾರದ ಕೊನೆಯ ದಿನ ಮಧ್ಯಾಹ್ನದ ಮೇಲೆ, ಅಥವಾ ಸಾಲು ರಜೆಯ ಮುನ್ನ ಕಳಿಸಲೇಬೇಡಿ. ಕಚೇರಿ ಬಾಗಿಲು ಹಾಕಿರುವಾಗ ಗ್ರಾಹಕರಿಗೆ ಕೇಳಲು ಯಾರೂ ಸಿಗುವುದಿಲ್ಲ, ವಂಚಕರು ಕಾಯುವುದೇ ಅಂಥ ದಿನಗಳಿಗೆ.

ಮೊದಲ ಅಡ್ಡಿ ಬಂದದ್ದು ಎಣಿಸದ ಕಡೆಯಿಂದ. ಕೆಲವು ಗ್ರಾಹಕರ ಮೇಲ್ ವ್ಯವಸ್ಥೆಗಳು "ಬ್ಯಾಂಕ್ ಖಾತೆ ಬದಲಾವಣೆ" ಎಂಬ ವಿಷಯ ಕಂಡ ಕೂಡಲೇ ನಮ್ಮ ಇಮೇಲ್ ಅನ್ನು ಪ್ರತ್ಯೇಕ ಪೆಟ್ಟಿಗೆಗೆ ತಳ್ಳಿದ್ದವು. ಅದು ಅವರ ವ್ಯವಸ್ಥೆ ಸರಿಯಾಗಿ ಕೆಲಸ ಮಾಡುತ್ತಿರುವುದರ ಗುರುತು, ದೂರಲು ಬರುವುದಿಲ್ಲ. ಆದರೆ ತಿಳಿಯದೆ ಉಳಿದವರಿಗೆ ಏನು ಮಾಡುವುದು? ಅವರಿಗೆ ಅದೇ ಒಕ್ಕಣೆಯನ್ನು ಕಾಗದದ ಮೇಲೆ ಮುದ್ರಿಸಿ, ಸಹಿ ಹಾಕಿ, ನೋಂದಾಯಿತ ಅಂಚೆಯಲ್ಲಿ ಕಳಿಸಿದೆವು. ಅದರಲ್ಲೂ ಖಾತೆ ಸಂಖ್ಯೆ ಇರಲಿಲ್ಲ. ಅಂಚೆ ವೆಚ್ಚ, ಎರಡೆರಡು ಖಾತೆ ನಡೆಸಿದ್ದಕ್ಕೆ ಬ್ಯಾಂಕ್ ಶುಲ್ಕ, ಎಲ್ಲಕ್ಕಿಂತ ಹೆಚ್ಚಾಗಿ ಇಬ್ಬರ ಸಮಯ, ಈ ಕೆಲಸದ ಖರ್ಚು ಅಂದರೆ ಇಷ್ಟೇ.

ನಂತರ ಕರೆಗಳು ಶುರುವಾದವು. ಪ್ರತಿ ಕರೆಯನ್ನೂ ಒಂದೇ ಕ್ರಮದಲ್ಲಿ ನಡೆಸಿದೆವು. ಮೊದಲು ಕರೆ ಮಾಡಿದವರ ಹೆಸರು, ಸಂಸ್ಥೆ, ಮತ್ತು "ಈ ನಂಬರ್ ನಿಮಗೆ ಎಲ್ಲಿ ಸಿಕ್ಕಿತು?" ಎಂಬ ಪ್ರಶ್ನೆ. ಈ ಪ್ರಶ್ನೆ ಮುಖ್ಯ. ಒಬ್ಬರು "ಗೂಗಲ್‌ನಲ್ಲಿ ಹುಡುಕಿದೆ" ಅಂದರು, ಸಿಕ್ಕಿದ್ದು ಸರಿಯಾದ ನಂಬರೇ ಆಗಿತ್ತು. ಆದರೂ ದಯವಿಟ್ಟು ಒಪ್ಪಂದಪತ್ರ ತೆಗೆದು ಅದರಲ್ಲಿರುವ ನಂಬರಿಗೆ ಇನ್ನೊಮ್ಮೆ ಮಾಡಿ ಅಂದೆವು. ಹುಡುಕಾಟದಲ್ಲಿ ಸಿಗುವ ನಂಬರುಗಳನ್ನು ಯಾರು ಬೇಕಾದರೂ ಬದಲಿಸಿ ಹಾಕಿಸಬಹುದು. ಹಳೆಯ ಇಮೇಲ್‌ನ ಕೆಳಗೆ ಇದ್ದ ಸಹಿಯಿಂದ ನಂಬರ್ ತೆಗೆದುಕೊಂಡವರೂ ಇದ್ದರು. ಅದು ನಿಜವಾಗಿಯೂ ಹಳೆಯ, ಬೇರೆಯೇ ಆದ ಇಮೇಲ್ ಆಗಿದ್ದರೆ ಪರವಾಗಿಲ್ಲ. ಈಗ ಬಂದ ಇಮೇಲ್‌ನ ಕೆಳಗೆ ಉಲ್ಲೇಖವಾಗಿ ಕಾಣುವ ಹಳೆಯ ಪತ್ರದ ಸಹಿಯಾಗಿದ್ದರೆ ಬೇಡ, ಕಳಿಸಿದವರು ಆ ಉಲ್ಲೇಖವನ್ನೂ ತಿದ್ದಿರಬಹುದು.

ಆಮೇಲೆ ಸಂಖ್ಯೆ. ನಾವು ನಾಲ್ಕು ನಾಲ್ಕು ಅಂಕಿಯಾಗಿ ಹೇಳುವುದು, ಅವರು ಬರೆದುಕೊಂಡು ತಿರುಗಿ ನಮಗೆ ಓದುವುದು. ಒಂದು ಕರೆಯ ನಡುವೆ ಹೀಗಾಯಿತು:

"ಮೇಡಂ, ಕೊನೆಯ ನಾಲ್ಕು ಅಂಕಿ ಹೇಳಿಬಿಡಿ ಸಾಕು, ಉಳಿದದ್ದು ಬ್ಯಾಂಕಿನ ಪತ್ರದಲ್ಲಿ ನೋಡ್ಕೊಳ್ತೀನಿ."

"ಇಲ್ಲ ಸರ್, ಪೂರ್ತಿ ಓದೋಣ. ಎರಡು ನಿಮಿಷ."

"ಅಷ್ಟೂ ನಂಬಿಕೆ ಇಲ್ವಾ ನಮ್ಮ ಮೇಲೆ?"

"ನಿಮ್ಮ ಮೇಲೆ ಇದೆ ಸರ್. ಮಧ್ಯದಲ್ಲಿ ಅಂಕಿ ಹಿಂದೆ ಮುಂದೆ ಆದ್ರೆ ಹಣ ಬೇರೆಯವರಿಗೆ ಹೋಗತ್ತೆ, ಅದಕ್ಕೆ."

ಅವರು ಓದಿದಾಗ ನಿಜಕ್ಕೂ ಮಧ್ಯದ ಎರಡು ಅಂಕಿ ಅದಲುಬದಲಾಗಿದ್ದವು. ಐಬಾನ್ ಎಂಬ ಅಂತರರಾಷ್ಟ್ರೀಯ ಮಾದರಿಯ ಖಾತೆ ಸಂಖ್ಯೆ ಬಳಸುವ ದೇಶಗಳಲ್ಲಿ ಇಂಥ ತಪ್ಪನ್ನು ಗಣಕಯಂತ್ರವೇ ಹಿಡಿಯುತ್ತದೆ. ಅಲ್ಲಿ ದೇಶದ ಕೋಡ್ ಆದ ಮೇಲಿನ ಎರಡು ಅಂಕಿಗಳು 97ರಿಂದ ಭಾಗಿಸಿ ತೆಗೆದ ತಾಳೆ ಅಂಕಿಗಳು, ಬೆರಳು ತಪ್ಪಿದರೆ ಲೆಕ್ಕ ಕೂಡುವುದಿಲ್ಲ. ಆದರೆ ಆ ತಾಳೆಗೆ ಬೆರಳು ತಪ್ಪಿದ್ದು ಮಾತ್ರ ಗೊತ್ತಾಗುತ್ತದೆ, ಖಾತೆ ಯಾರದ್ದೆಂದು ಗೊತ್ತಾಗುವುದಿಲ್ಲ. ಕಳ್ಳನ ಐಬಾನ್‌ನ ಲೆಕ್ಕವೂ ಸರಿಯಾಗಿ ಕೂಡುತ್ತದೆ.

ನಾವಾಗಿ ಗ್ರಾಹಕರಿಗೆ ಕರೆ ಮಾಡಬೇಕಾದ ಸಂದರ್ಭಗಳೂ ಬಂದವು, ವಾರಗಳು ಕಳೆದರೂ ಮಾತಾಡದವರಿಗೆ. ಇಲ್ಲಿ ಎಚ್ಚರ ಬೇಕು. ನಾವು ಮಾಡಿದ ಕರೆಯಲ್ಲಿ ನಾವೇ ಸಂಖ್ಯೆ ಹೇಳಿದರೆ ಅದು ದೃಢೀಕರಣವಾಗುವುದಿಲ್ಲ. ಪರದೆಯ ಮೇಲೆ ನಮ್ಮ ನಂಬರ್ ಕಾಣಿಸಿದರೂ ಅದನ್ನು ನಂಬುವಂತಿಲ್ಲ, ಕರೆ ಮಾಡಿದವರ ನಂಬರನ್ನು ಬೇರೆಯಾಗಿ ತೋರಿಸುವುದು ಕಷ್ಟವಲ್ಲ. ಹಾಗಾಗಿ "ಒಂದು ಇಮೇಲ್ ಬಂದಿದೆ, ನೋಡಿ. ವಿವರ ಈಗ ಹೇಳುವುದಿಲ್ಲ, ನಿಮ್ಮ ದಾಖಲೆಯಲ್ಲಿರುವ ನಂಬರಿಗೆ ನೀವೇ ಮಾಡಿ" ಎಂದಷ್ಟೇ ಹೇಳಿ ಇಟ್ಟೆವು. ಕೆಲವರಿಗೆ ಇದು ಅತಿರೇಕ ಅನ್ನಿಸಿತು. ಇರಲಿ.

ಪ್ರಕಟಣೆ ಹೋಗಿ ಸ್ವಲ್ಪ ದಿನಕ್ಕೆ ಒಬ್ಬ ಗ್ರಾಹಕರ ಲೆಕ್ಕಿಗರಿಂದ ಕರೆ ಬಂತು. "ನಿಮ್ಮ ಎರಡನೇ ಇಮೇಲ್‌ನಲ್ಲಿ ಖಾತೆ ಸಂಖ್ಯೆ ಬಂದಿದೆ, ಮೊದಲನೇದರಲ್ಲಿ ಕಳಿಸೋದಿಲ್ಲ ಅಂದಿದ್ರಲ್ಲ?" ನಾವು ಎರಡನೇ ಇಮೇಲ್ ಕಳಿಸಿರಲೇ ಇಲ್ಲ. ಅದನ್ನು ಅವರಿಂದ, ಎಲ್ಲಿಂದ ಬಂತೆಂದು ತೋರಿಸುವ ಹೆಡರ್ ಸಾಲುಗಳ ಸಮೇತ ತರಿಸಿಕೊಂಡು ನೋಡಿದೆವು. ಬೇಕಾದ ಸಾಲುಗಳಷ್ಟೇ ಇಲ್ಲಿವೆ:

```
From: Accounts <accounts@surnana.example>
Subject: Re: ನಮ್ಮ ಬ್ಯಾಂಕ್ ಖಾತೆ ಬದಲಾಗುತ್ತಿದೆ
Authentication-Results: spf=pass; dkim=pass;
  dmarc=pass header.from=surnana.example
```

ವಿಳಾಸವನ್ನು ನಿಧಾನವಾಗಿ ನೋಡಿ. ನಮ್ಮದು `sumana`, ಇದು `surnana`. `m` ಇರಬೇಕಾದಲ್ಲಿ `r` ಮತ್ತು `n` ಅಂಟಿಕೊಂಡು ಕೂತಿವೆ. ಸಣ್ಣ ಅಕ್ಷರದಲ್ಲಿ, ಫೋನಿನ ಪರದೆಯ ಮೇಲೆ ಕಣ್ಣಿಗೆ ಬೀಳುವುದೇ ಇಲ್ಲ. ಎಷ್ಟೋ ಮೇಲ್ ಆ್ಯಪ್‌ಗಳು ವಿಳಾಸವನ್ನು ತೋರಿಸುವುದೂ ಇಲ್ಲ, `Accounts` ಎಂಬ ಹೆಸರಷ್ಟೇ ಕಾಣುತ್ತದೆ. ಮೂರೂ ಪರೀಕ್ಷೆಗಳಲ್ಲಿ `pass` ಎಂದಿರುವುದನ್ನು ಕಂಡು ಆ ಲೆಕ್ಕಿಗರ ಐಟಿಯವರು ಮೊದಲು ಇದು ಅಸಲಿಯೇ ಅಂದಿದ್ದರಂತೆ. ಪಾಸಾಗಿದ್ದು ನಿಜವೇ. ಆ ಡೊಮೇನ್ ಕಳ್ಳನದ್ದೇ, ಅದಕ್ಕೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಲ್ಲವನ್ನೂ ಅವನೇ ಅಚ್ಚುಕಟ್ಟಾಗಿ ಹಾಕಿಕೊಂಡಿದ್ದಾನೆ. ಈ ಇಮೇಲ್ ಈ ಡೊಮೇನ್‌ನಿಂದಲೇ ಬಂದಿದೆ ಎಂಬುದನ್ನಷ್ಟೇ ಆ ಪರೀಕ್ಷೆಗಳು ಹೇಳುತ್ತವೆ. ಆ ಡೊಮೇನ್ ನೀವು ಅಂದುಕೊಂಡವರದ್ದೇ ಎಂದು ಹೇಳುವುದಿಲ್ಲ.

ಒಳಗಿನ ಒಕ್ಕಣೆ ಇನ್ನೂ ಚುರುಕು. "ಹಿಂದಿನ ಇಮೇಲ್‌ಗೆ ಮುಂದುವರಿದಂತೆ, ನಮ್ಮ ಫೋನ್ ಲೈನ್‌ಗಳನ್ನು ಬದಲಿಸುತ್ತಿರುವುದರಿಂದ ಕರೆಗಳು ಸಿಗುತ್ತಿಲ್ಲ. ನಿಮ್ಮ ಅನುಕೂಲಕ್ಕಾಗಿ ವಿವರಗಳನ್ನು ಇಲ್ಲೇ ಕೊಟ್ಟಿದ್ದೇವೆ. ಇದಕ್ಕೆ ಉತ್ತರಿಸಿ ಖಚಿತಪಡಿಸಿ." ಅದರ ಕೆಳಗೆ ನಮ್ಮ ಅಸಲಿ ಪ್ರಕಟಣೆ ಅಕ್ಷರಶಃ ಉಲ್ಲೇಖವಾಗಿತ್ತು. ಅಂದರೆ ಬರೆದವನು ನಮ್ಮ ಇಮೇಲ್ ಅನ್ನು ಓದಿದ್ದಾನೆ, ಫೋನ್ ಎಂಬ ಬಾಗಿಲನ್ನು ಮುಚ್ಚಲೆಂದೇ ಆ ವಾಕ್ಯ ಬರೆದಿದ್ದಾನೆ.

ಅವನು ಓದಿದ್ದು ಎಲ್ಲಿಂದ? ಮೊದಲು ನಮ್ಮ ಮೇಲ್‌ಬಾಕ್ಸ್‌ಗಳನ್ನೇ ನೋಡಿದೆವು. ಲಾಗಿನ್ ದಾಖಲೆ, ಹೊರಗೆ ರವಾನಿಸುವ ಫಾರ್ವರ್ಡಿಂಗ್, ಸ್ವಯಂಚಾಲಿತ ನಿಯಮಗಳು, ಏನೂ ಸಿಗಲಿಲ್ಲ. ಗ್ರಾಹಕರ ಕಡೆ ಹುಡುಕಿದಾಗ ಒಂದು ಮೇಲ್‌ಬಾಕ್ಸ್‌ನಲ್ಲಿ ಯಾರೂ ಹಾಕದ ಒಂದು ನಿಯಮವಿತ್ತು: ನಮ್ಮ ಡೊಮೇನ್‌ನಿಂದ ಬರುವ ಪ್ರತಿ ಇಮೇಲ್ ಅನ್ನು ಓದಿದ್ದೆಂದು ಗುರುತು ಹಾಕಿ `RSS Feeds` ಎಂಬ ಫೋಲ್ಡರ್‌ಗೆ ಸರಿಸುವುದು. ಆ ಫೋಲ್ಡರ್ ತೆರೆದು ನೋಡುವವರೇ ಇಲ್ಲ, ಅದಕ್ಕೇ ಕಳ್ಳರಿಗೆ ಅದು ಇಷ್ಟ. ಆ ಮೇಲ್‌ಬಾಕ್ಸ್‌ನಿಂದ ನಮಗೆ "ಇದು ನಿಮ್ಮದೇನಾ?" ಎಂದು ಕೇಳಿ, ನಾವು "ಅಲ್ಲ" ಎಂದು ಉತ್ತರಿಸಿದ್ದರೂ ಆ ಉತ್ತರ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. ಇಮೇಲ್‌ಗೆ ಇಮೇಲ್‌ನಲ್ಲೇ ಖಚಿತಪಡಿಸಿಕೊಳ್ಳಬಾರದು ಎನ್ನುವುದು ಇದಕ್ಕಾಗಿಯೇ. ಪಾಸ್‌ವರ್ಡ್ ಬದಲಿಸಿದ್ದರೆ ಸಾಲುತ್ತಿರಲಿಲ್ಲ, ನಿಯಮ ಹಾಗೇ ಉಳಿಯುತ್ತದೆ, ತೆರೆದಿರುವ ಲಾಗಿನ್‌ಗಳೂ ಉಳಿಯಬಹುದು. ಅವರು ಎಲ್ಲ ಲಾಗಿನ್‌ಗಳನ್ನು ಕಡಿದು, ನಿಯಮ ಅಳಿಸಿ, ಎರಡು ಹಂತದ ಪರಿಶೀಲನೆ ಹಾಕಿಕೊಂಡರು.

ಅಲ್ಲಿ ಹಣ ಹೋಗಿರಲಿಲ್ಲ. ಹೋಗಿದ್ದರೆ ಮೊದಲ ಕರೆ ನಮಗಲ್ಲ, ಹಣ ಕಳಿಸಿದ ಅವರದ್ದೇ ಬ್ಯಾಂಕಿನ ವಂಚನೆ ವಿಭಾಗಕ್ಕೆ ಹೋಗಬೇಕು, "ವರ್ಗಾವಣೆಯನ್ನು ಹಿಂದಕ್ಕೆ ಕರೆಸಿ, ಪಡೆದ ಬ್ಯಾಂಕಿಗೆ ಖಾತೆ ತಡೆಹಿಡಿಯಲು ಹೇಳಿ" ಎಂದು. ಆ ಹಣ ಸಾಮಾನ್ಯವಾಗಿ ಮೊದಲ ಖಾತೆಯಲ್ಲಿ ಕೂರುವುದಿಲ್ಲ, ಇನ್ನೂ ಹಲವು ಖಾತೆಗಳಿಗೆ ಹಂಚಿಹೋಗುತ್ತದೆ. ಗಂಟೆಗಳು ಕಳೆದಷ್ಟೂ ಸಿಗುವುದು ಕಡಿಮೆ. ಪೊಲೀಸ್ ದೂರು ಅದರ ಬೆನ್ನಿಗೇ, ಇಮೇಲ್ ಹೆಡರ್ ಸಮೇತ.

ಖಾತೆಯ ಹೆಸರು ತಾಳೆಯಾಗದಿದ್ದರೆ ಬ್ಯಾಂಕೇ ತಡೆಯುವುದಿಲ್ಲವೇ ಎಂದು ಹಲವರು ಫೋನಿನಲ್ಲಿ ಕೇಳಿದರು. ಬಹುಕಾಲ ಬಹಳಷ್ಟು ಕಡೆ ಹಣ ಹೋಗುತ್ತಿದ್ದದ್ದು ಬರೀ ಸಂಖ್ಯೆಯ ಮೇಲೆ. ಹೆಸರಿನ ಜಾಗದಲ್ಲಿ ಏನು ಬರೆದರೂ ಯಂತ್ರ ಕೇಳುತ್ತಿರಲಿಲ್ಲ. ಬ್ರಿಟನ್ನಿನ ದೊಡ್ಡ ಬ್ಯಾಂಕುಗಳು 2020ರಲ್ಲಿ ಹೆಸರು ತಾಳೆ ನೋಡುವ ಸೌಲಭ್ಯ ತಂದವು. ಭಾರತದಲ್ಲಿ ನೆಫ್ಟ್ ಮತ್ತು ಆರ್‌ಟಿಜಿಎಸ್‌ಗೆ ಇಂಥ ಸೌಲಭ್ಯ ಕೊಡುವಂತೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ 2025ರ ಏಪ್ರಿಲ್ 1ರ ಗಡುವು ಹಾಕಿತು. ಯೂರೋ ವಲಯದಲ್ಲಿ ಅದು 2025ರ ಅಕ್ಟೋಬರ್‌ನಿಂದ ಕಡ್ಡಾಯ. ನಿಮ್ಮ ಬ್ಯಾಂಕಿನಲ್ಲಿ ಇದ್ದರೆ ಖಂಡಿತ ಬಳಸಿ. ಆದರೆ ಫೋನ್ ಮಾಡುವುದನ್ನು ಅದಕ್ಕಾಗಿ ಬಿಡಬೇಡಿ. ಲಿಥುವೇನಿಯಾದ ಎವಾಲ್ದಾಸ್ ರಿಮಾಸೌಸ್ಕಾಸ್ ಎಂಬಾತ 2013ರಿಂದ 2015ರ ನಡುವೆ ಗೂಗಲ್ ಮತ್ತು ಫೇಸ್‌ಬುಕ್‌ನಿಂದ 10 ಕೋಟಿ ಡಾಲರ್‌ಗೂ ಹೆಚ್ಚು ಹೊಡೆದದ್ದು, ಅವರಿಗೆ ನಿಜವಾಗಿಯೂ ಸಾಮಾನು ಪೂರೈಸುತ್ತಿದ್ದ ತೈವಾನಿನ ಕಂಪನಿಯ ಹೆಸರಿನಲ್ಲೇ ಲಾಟ್ವಿಯಾದಲ್ಲಿ ಇನ್ನೊಂದು ಕಂಪನಿ ನೋಂದಾಯಿಸಿ, ಅದರ ಹೆಸರಿನಲ್ಲಿ ಖಾತೆ ತೆರೆದು. 2019ರಲ್ಲಿ ಅಮೆರಿಕದ ನ್ಯಾಯಾಲಯ ಅವನಿಗೆ 5 ವರ್ಷ ಶಿಕ್ಷೆ ಕೊಟ್ಟಿತು. ಅಂಥ ಖಾತೆಯ ಮುಂದೆ ಹೆಸರಿನ ತಾಳೆ ಏನು ಮಾಡೀತು, ಹೆಸರು ಸರಿಯಾಗಿಯೇ ಇತ್ತಲ್ಲ!

ಫೋನ್ ಮುಗಿದ ಮೇಲೆ ಪರೀಕ್ಷೆಗೆಂದು ಸಣ್ಣ ಮೊತ್ತ ಕಳಿಸುವ ಪದ್ಧತಿ ಕೆಲವು ಗ್ರಾಹಕರಲ್ಲಿತ್ತು. ಒಳ್ಳೆಯದೇ, ಆದರೆ ಅದರ ಮಿತಿ ಗೊತ್ತಿರಬೇಕು. ಮೊತ್ತ ತಲುಪಿತು ಎಂದರೆ ಖಾತೆ ಇದೆ, ಸಂಖ್ಯೆ ಸರಿಯಿದೆ, ಅಷ್ಟೇ. ಖಾತೆ ಕಳ್ಳನದ್ದಾದರೂ ಅದು ತಲುಪುತ್ತದೆ. "ಬಂತಾ?" ಎಂದು ಇಮೇಲ್‌ನಲ್ಲಿ ಕೇಳಿದರೆ ಅವನೇ "ಬಂತು, ಧನ್ಯವಾದ" ಅನ್ನುತ್ತಾನೆ. ಹಾಗಾಗಿ ದುಂಡು ಮೊತ್ತ ಬಿಟ್ಟು 13.47 ಎಂಬಂಥದ್ದು ಕಳಿಸಿ, ಮೊತ್ತ ಎಷ್ಟೆಂದು ಹೇಳದೆ, ಅದೇ ಹಳೆಯ ನಂಬರಿಗೆ ಕರೆ ಮಾಡಿ "ಎಷ್ಟು ಬಂದಿದೆ ನೋಡಿ ಹೇಳಿ" ಎಂದು ಕೇಳಬೇಕು. ಹೇಳಿದ್ದು ಹೊಂದಿದರೆ ಪೂರ್ತಿ ಹಣ. ಇನ್ನೊಂದು ಚಿಕ್ಕ ಮಾತು: ಆ 13.47ಕ್ಕೆ ಯಾವ ಬಿಲ್‌ನ ಲೆಕ್ಕ ಎಂದು ಟಿಪ್ಪಣಿಯಲ್ಲಿ ಬರೆಯಿಸಿ. ಇಲ್ಲದಿದ್ದರೆ ತಿಂಗಳ ಕೊನೆಯಲ್ಲಿ ಯಾರದ್ದೆಂದು ತಿಳಿಯದ ಚಿಲ್ಲರೆ ಮೊತ್ತಗಳು ಸಾಲುಗಟ್ಟಿ ನಿಂತಿರುತ್ತವೆ.

ದೊಡ್ಡ ಸಂಸ್ಥೆಗಳಲ್ಲಿ ಕೆಲಸ ನಿಧಾನ. ಅಲ್ಲಿ ಪೂರೈಕೆದಾರರ ದಾಖಲೆ ಬದಲಿಸಲು ಒಬ್ಬರು ನಮೂದಿಸಬೇಕು, ಇನ್ನೊಬ್ಬರು ಒಪ್ಪಬೇಕು. ಲೆಟರ್‌ಹೆಡ್‌ನಲ್ಲಿ ಮನವಿ, ಬ್ಯಾಂಕಿನ ದೃಢೀಕರಣ ಪತ್ರ, ಸಹಿ ಮಾಡುವ ಅಧಿಕಾರವಿದೆ ಎಂಬ ದಾಖಲೆ ಬೇಕು. ಇವನ್ನೆಲ್ಲ ಇಮೇಲ್‌ನಲ್ಲಿ ಕಳಿಸಿ ಎನ್ನುತ್ತಾರೆ, ನಾವೋ ಇಮೇಲ್‌ನಲ್ಲಿ ಖಾತೆ ಸಂಖ್ಯೆ ಕಳಿಸುವುದಿಲ್ಲ ಎಂದು ಬರೆದುಕೊಟ್ಟಿದ್ದೇವೆ. ಪೋರ್ಟಲ್ ಇದ್ದ ಕಡೆ ನಾವೇ ಲಾಗಿನ್ ಆಗಿ ಹಾಕಿದೆವು, ಇಲ್ಲದ ಕಡೆ ಅಂಚೆ. ಒಬ್ಬರಿಗೆಂದು ನಿಯಮ ಸಡಿಲಿಸಿದರೆ "ಇಮೇಲ್‌ನಲ್ಲಿ ಸಂಖ್ಯೆ ಬಂದರೆ ಅದು ನಮ್ಮದಲ್ಲ" ಎಂಬ ಮಾತಿಗೆ ಬೆಲೆಯೇ ಇರುವುದಿಲ್ಲ. ದಾಖಲೆ ಬದಲಾದ ಮೇಲೂ ಒಂದು ಪಾವತಿ ಹಳೆಯ ಖಾತೆಗೇ ಬಂದರೆ ಗಾಬರಿ ಬೇಡ. ಆ ಕಂತಿನ ಪಾವತಿ ಕಡತ ಬದಲಾವಣೆಗೆ ಮುನ್ನವೇ ತಯಾರಾಗಿರುತ್ತದೆ.

ಬಿಲ್‌ಗಳದ್ದು ಬೇರೆಯೇ ಪೇಚು. ಹೊಸ ಬಿಲ್‌ಗಳು ಇಮೇಲ್‌ನಲ್ಲೇ ಹೋಗಬೇಕು, ಅವುಗಳ ಕೆಳಗೆ ಬ್ಯಾಂಕ್ ವಿವರ ಇರುತ್ತದೆ. ನಾವು ಆ ಜಾಗದಲ್ಲಿ "ಫೋನಿನಲ್ಲಿ ಖಚಿತಪಡಿಸಿಕೊಂಡ ಖಾತೆ, ಕೊನೆಯ ನಾಲ್ಕು ಅಂಕಿ" ಎಂದಷ್ಟೇ ಹಾಕಿದೆವು. ದಾಖಲೆಯಲ್ಲಿ ಈಗಾಗಲೇ ಪೂರ್ತಿ ಸಂಖ್ಯೆ ಇರುವವರಿಗೆ ಅಷ್ಟು ಸಾಕು. ಆಗಲೇ ಕಳಿಸಿ ಹಣ ಬರಬೇಕಿದ್ದ ಬಿಲ್‌ಗಳನ್ನು ಹೊಸ ಸಂಖ್ಯೆ ಹಾಕಿ ಮತ್ತೆ ಕಳಿಸಲು ಹೋಗಬೇಡಿ. ಒಂದೇ ಮೊತ್ತದ ಎರಡು ಕಾಗದ ಕೈಗೆ ಸಿಕ್ಕರೆ ಗ್ರಾಹಕರ ಕಡೆ ಎರಡು ಸಲ ಪಾವತಿಯಾಗಬಹುದು. ಅದಲ್ಲದೆ, ಖಾತೆ ಸಂಖ್ಯೆ ಮಾತ್ರ ಬದಲಾದ ಹಳೆಯ ಬಿಲ್ ಎಂದರೆ ವಂಚಕರ ಕೈಕೆಲಸದ ನಮೂನೆಯೇ. ಅಂಥದ್ದನ್ನು ಕಂಡರೆ ಅನುಮಾನಪಡಿ ಎಂದು ನಾವೇ ಅವರಿಗೆ ಹೇಳಿದ್ದೆವು.

ಹಳೆಯ ಖಾತೆಯನ್ನು ಎಷ್ಟು ಕಾಲ ಇಡಬೇಕು? ನಿಮ್ಮ ಗ್ರಾಹಕರಲ್ಲಿ ಅತಿ ಉದ್ದದ ಪಾವತಿ ಗಡುವು ಯಾರದ್ದೋ ನೋಡಿ. ಅದು 60 ದಿನವಿದ್ದರೆ ಅದರ ಮೇಲೆ ಇನ್ನೊಂದು ಪೂರ್ತಿ ಸುತ್ತು, ಅಂದರೆ ಕಡಿಮೆಯೆಂದರೂ 120 ದಿನ. ತಿಂಗಳು ತಿಂಗಳು ತಾನಾಗಿ ಹಣ ಹೋಗುವಂತೆ ಬ್ಯಾಂಕಿಗೆ ಸ್ಥಾಯಿ ಸೂಚನೆ ಕೊಟ್ಟವರನ್ನು ಪ್ರತ್ಯೇಕ ಪಟ್ಟಿ ಮಾಡಿಕೊಳ್ಳಿ. ಅವರು ಇಮೇಲ್ ಓದಿ, ಕರೆ ಮಾಡಿ, ಸಂಖ್ಯೆ ಬರೆದುಕೊಂಡ ಮೇಲೂ ಆ ಸೂಚನೆ ಬದಲಿಸುವುದನ್ನು ಮರೆಯುತ್ತಾರೆ. ವರ್ಷಕ್ಕೊಮ್ಮೆ ಪಾವತಿಸುವವರದ್ದೂ ಇದೇ ಕಥೆ. ಮುಚ್ಚುವ ಮುನ್ನ ಹಳೆಯ ಖಾತೆಯ ಹಿಂದಿನ 13 ತಿಂಗಳ ವಿವರಪಟ್ಟಿ ತೆಗೆದು, ಹಣ ಹಾಕಿದ ಪ್ರತಿ ಹೆಸರಿನ ಮುಂದೆ "ಕರೆ ಬಂದಿದೆ, ಹೊಸ ಖಾತೆಗೆ ಹಣ ಬಂದಿದೆ" ಎಂದು ಗುರುತು ಬಿದ್ದಿದೆಯೇ ನೋಡಿ. 12 ತಿಂಗಳು ತೆಗೆದರೆ ವಾರ್ಷಿಕ ಪಾವತಿ ಒಂದೆರಡು ದಿನದ ವ್ಯತ್ಯಾಸದಲ್ಲಿ ತಪ್ಪಿಹೋಗಬಹುದು.

ಮುಚ್ಚಿದ ಖಾತೆಗೆ ಬಂದ ಹಣ ಸಾಮಾನ್ಯವಾಗಿ ಕಳಿಸಿದವರಿಗೇ ಮರಳುತ್ತದೆ, ಆದರೆ ವಿದೇಶದಿಂದ ಬಂದದ್ದಾದರೆ ದಿನಗಳು ಹಿಡಿದು ಶುಲ್ಕವೂ ಕಡಿತವಾಗುತ್ತದೆ. ಹಾಗೆ ಹಣ ಮರಳಿ ಹೋದ ಗ್ರಾಹಕರು ಗಾಬರಿಯಿಂದ ಇಮೇಲ್ ಬರೆದು "ಸರಿಯಾದ ಸಂಖ್ಯೆ ಕೂಡಲೇ ಕಳಿಸಿ" ಅನ್ನುತ್ತಾರೆ. ಅವರಿಗೂ ಉತ್ತರ ಅದೇ: ಒಪ್ಪಂದಪತ್ರದಲ್ಲಿರುವ ನಂಬರಿಗೆ ಕರೆ ಮಾಡಿ, ಪೂರ್ತಿ ಸಂಖ್ಯೆ ಓದಿ ಹೇಳುತ್ತೇವೆ. ಹಳೆಯ ಖಾತೆ ಮುಚ್ಚಿದ ಮೇಲೂ ಆ ಫೋನ್ ನಂಬರನ್ನು ಬದಲಿಸಬೇಡಿ, ಬಿಡಬೇಡಿ. ಬಿಟ್ಟ ನಂಬರ್ ಮುಂದೆ ಬೇರೆ ಯಾರ ಕೈಗಾದರೂ ಹೋಗಬಹುದು, ಗ್ರಾಹಕರ ಕಡತಗಳಲ್ಲೋ ಅದು ನಿಮ್ಮ ಹೆಸರಿನಲ್ಲೇ ಇರುತ್ತದೆ.